ಕೊಲೆಯೋ, ಕೊಲೆಯಲ್ಲದ ಮಾನವ ಹತ್ಯೆಯೋ: ತೂಬಿನ ಜಗಳವೊಂದನ್ನು ಹಂತಹಂತವಾಗಿ ನೋಡಿದರೆ

ಪ್ರಶ್ನೆ: ಸಿಂಧನೂರು ಹತ್ರ ನಮ್ಮ ಊರಾಗ ಕಾಲುವೆ ನೀರಿನ ಜಗಳದಾಗ ಒಬ್ರು ತೀರಿಕೊಂಡ್ರು. ಪೊಲೀಸರು 103 ಹಾಕ್ಯಾರ, ವಕೀಲರು 105ಕ್ಕ ಇಳಿಸಬಹುದು ಅಂತಾರ. ಎರಡರಾಗೂ ಮನುಷ್ಯ ಸತ್ತಾನಲ್ರೀ, ಫರಕ್ ಏನು?

ಇಲ್ಲಿ ಬರುವ ಕಲಂಗಳು ಭಾರತೀಯ ನ್ಯಾಯ ಸಂಹಿತೆಯವು: 103 ಕೊಲೆಗೆ ಶಿಕ್ಷೆ, 105 ಕೊಲೆಯಲ್ಲದ ಮಾನವ ಹತ್ಯೆಗೆ ಶಿಕ್ಷೆ. ಕಾಗದ ನೋಡದೆ ನಿಮ್ಮೂರಿನ ಕೇಸಿನ ಬಗ್ಗೆ ಏನೂ ಹೇಳಬಾರದು. ಹಾಗಾಗಿ ಒಂದು ಕಾಲ್ಪನಿಕ ಜಗಳ ತಗೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ, ಭತ್ತದ ಗದ್ದೆ, ಅಕ್ಕಪಕ್ಕದ ಇಬ್ಬರು ರೈತರು. ಮೇಲಿನ ಗದ್ದೆಯವನು ರಾತ್ರಿ ತೂಬು ಮುಚ್ಚಿದ್ದಾನೆ, ಕೆಳಗಿನವನು ಬೆಳಿಗ್ಗೆ ಬಂದು ಕೇಳುತ್ತಾನೆ. ಮುಂದೆ ಏನಾಯಿತು ಅನ್ನುವುದನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದರೆ ಕಲಂ ಕೂಡ ಬದಲಾಗುತ್ತದೆ.

ಮಾತಿಗೆ ಮಾತು ಬೆಳೆದು ಕೆಳಗಿನವನು ಎದೆಗೆ ಕೈಹಾಕಿ ನೂಕಿದ. ಮೇಲಿನವನು ಒದ್ದೆ ಬದುವಿನ ಮೇಲೆ ಜಾರಿ, ತಲೆ ತೂಬಿನ ಕಾಂಕ್ರೀಟಿಗೆ ಬಡಿದು ಸತ್ತ. ಇಲ್ಲಿ ಸಾಯಿಸುವ ಉದ್ದೇಶವಿಲ್ಲ, ನೂಕಿದರೆ ಸಾಯಬಹುದು ಅನ್ನುವ ಅರಿವೂ ಇಲ್ಲ. ಸಾವು ಸಂಭವಿಸಿದರೂ ಇದು ಸಾಮಾನ್ಯವಾಗಿ 115(2)ರ ಹಲ್ಲೆ ಅಷ್ಟೇ.

ನೂಕುವ ಬದಲು ಸಲಿಕೆಯ ಕಾವಿನಿಂದ ತಲೆಗೆ ಒಂದೇ ಏಟು ಕೊಟ್ಟ ಅನ್ನಿ. ಕೊಲ್ಲುವ ಇರಾದೆ ಕಾಣದಿದ್ದರೂ, ತಲೆಗೆ ಹೊಡೆದರೆ ಜೀವ ಹೋಗಬಹುದೆಂದು ಯಾರಿಗಾದರೂ ಗೊತ್ತು. ಬರೀ ಈ ಅರಿವಷ್ಟೇ ಸಾಬೀತಾದರೆ 105ರ ಎರಡನೇ ಭಾಗ: 10 ವರ್ಷದವರೆಗೆ ಜೈಲು ಮತ್ತು ದಂಡ. ಕನಿಷ್ಠ ಶಿಕ್ಷೆ ಅಂತ ಇಲ್ಲ.

ಇನ್ನು ಕಾವಲ್ಲ, ಸಲಿಕೆಯ ಅಲಗಿನಿಂದಲೇ ಬುರುಡೆ ಸೀಳುವ ಹಾಗೆ ಹೊಡೆದರೆ? ಹೆಚ್ಚಿನವರು ಎಡವುವುದು ಇಲ್ಲೇ. ‘ಸಾಯಿಸಬೇಕು ಅಂತ ಇರಲಿಲ್ಲ’ ಅಂದರೆ ಕೊಲೆ ಆಗುವುದಿಲ್ಲ ಅಂದುಕೊಳ್ಳುತ್ತಾರೆ. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಹೊಟ್ಟೆಗೆ ಭರ್ಜಿಯ ಒಂದೇ ತಿವಿತವಿತ್ತು. ಆ ಗಾಯವನ್ನೇ ಮಾಡುವ ಉದ್ದೇಶವಿದ್ದು, ಅದು ಸಹಜವಾಗಿ ಸಾವು ತರಲು ಸಾಕಾಗುವಂಥದ್ದಾಗಿದ್ದರೆ ಕೊಲೆಯೇ, ಸಾಕಾಗುತ್ತದೆ ಎಂದು ಆರೋಪಿಗೆ ಗೊತ್ತಿರಬೇಕಾಗಿಲ್ಲ ಎಂದಿತು ಸುಪ್ರೀಂ ಕೋರ್ಟ್. ಆ ಲೆಕ್ಕದಲ್ಲಿ ಅಲಗಿನ ಏಟು 101ರ ಕೊಲೆಯ ವ್ಯಾಖ್ಯೆಯೊಳಗೆ ಬಂದುಬಿಡುತ್ತದೆ.

ಬಂದಮೇಲೂ ಹೊರಗೆ ಹೋಗಲು ಬಾಗಿಲುಗಳಿವೆ. 101ಕ್ಕೆ ಐದು ಅಪವಾದಗಳಿದ್ದು, ನೀರಿನ ಜಗಳಗಳಲ್ಲಿ ಹೆಚ್ಚಾಗಿ ಬಳಕೆಗೆ ಬರುವುದು ನಾಲ್ಕನೆಯದು, ಹಠಾತ್ ಹೊಡೆದಾಟ. ಮೊದಲೇ ಯೋಚಿಸಿರಬಾರದು. ಜಗಳ ಅಲ್ಲೇ ಹುಟ್ಟಿ, ಆ ಸಿಟ್ಟಿನಲ್ಲೇ ನಡೆದಿರಬೇಕು. ಎದುರಿನವನ ಅಸಹಾಯಕತೆಯ ಅನುಚಿತ ಲಾಭ ಪಡೆದಿರಬಾರದು, ಕ್ರೂರವಾಗಿ ವರ್ತಿಸಿರಬಾರದು. ಹೊಡೆದಾಟ ಇಬ್ಬರ ಕಡೆಯಿಂದಲೂ ಇರಬೇಕು, ಸುಮ್ಮನೆ ನಿಂತವನಿಗೆ ಹೊಡೆದದ್ದು ಹೊಡೆದಾಟವಲ್ಲ. ಮೇಲಿನವನೂ ಕೈಯಲ್ಲಿ ಕೋಲು ಹಿಡಿದು ಬೀಸುತ್ತಿದ್ದ, ಆ ಗದ್ದಲದಲ್ಲಿ ಕೆಳಗಿನವನು ಕೈಯಲ್ಲಿದ್ದ ಸಲಿಕೆಯಿಂದ ಒಮ್ಮೆ ಹೊಡೆದ ಅಂದರೆ 105ರ ಮೊದಲ ಭಾಗಕ್ಕೆ ಇಳಿಯಬಹುದು. ಅಲ್ಲಿ ಶಿಕ್ಷೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ, ಜೊತೆಗೆ ದಂಡ. ಅಂದರೆ 105ರಲ್ಲೂ ಉದ್ದೇಶ ಇರಬಹುದು, ‘ಉದ್ದೇಶವಿಲ್ಲದ ಸಾವು’ ಅನ್ನುವ ಮಾತು ಅರ್ಧ ಸರಿ ಮಾತ್ರ.

ಅದೇ ಏಟಿಗೆ ಅವನು ಬಿದ್ದಮೇಲೂ ಮತ್ತೆ ಮೂರು ಸಲ ತಲೆಗೆ ಕೊಚ್ಚಿದರೆ ಆ ಬಾಗಿಲು ಮುಚ್ಚಿತು. ಜಗಳ ಬಿಡಿಸಿದ ಮೇಲೆ ಮನೆಗೆ ಹೋಗಿ ಕೊಡಲಿ ತಂದು, ತಾಸು ಬಿಟ್ಟು ಹೊಡೆದರೂ ಅಷ್ಟೇ. ಆಗ 103: ಮರಣದಂಡನೆ ಅಥವಾ ಜೀವಾವಧಿ.

‘ಕೈಕಾಲಿಗೆ ಮಾತ್ರ ಹೊಡೆದ್ವಿ’ ಅನ್ನುವುದೂ ಸದಾ ನಡೆಯುವುದಿಲ್ಲ. ಆಂಧ್ರದ ಪುನ್ನಯ್ಯ ಪ್ರಕರಣದಲ್ಲಿ ದಪ್ಪ ದೊಣ್ಣೆಗಳಿಂದ ಕೈಕಾಲಿಗೇ ಬಡಿದಿದ್ದರು. ಹೈಕೋರ್ಟ್ ಅದನ್ನು ಕೊಲೆಯಲ್ಲದ ಮಾನವ ಹತ್ಯೆಗೆ ಇಳಿಸಿತ್ತು. ಆದರೆ ಗಾಯಗಳೆಲ್ಲ ಒಟ್ಟಾಗಿ ಸಾವು ತರಲು ಸಾಕಾಗಿದ್ದವು ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಕೊಲೆ ಎಂದೇ ಹೇಳಿತು.

ಈಗ ನಿಮ್ಮ ವಕೀಲರು ಏನು ನೋಡುತ್ತಾರೆ ಅಂದರೆ, ಮೊದಲು ಮರಣೋತ್ತರ ಪರೀಕ್ಷೆಯ ವರದಿ. ‘ತಲೆಯ ಗಾಯದಿಂದ ಸಾವು’ ಎಂದಷ್ಟೇ ಇದ್ದರೆ ಸಾವಿನ ಕಾರಣ ತಿಳಿಯಿತು, ಆ ಗಾಯ ಸಹಜವಾಗಿ ಸಾವು ತರಲು ಸಾಕಾಗುತ್ತಿತ್ತೇ ಅನ್ನುವುದು ತಿಳಿಯಲಿಲ್ಲ. ಸಾಕ್ಷಿಕಟ್ಟೆಯಲ್ಲಿ ವೈದ್ಯರನ್ನು ಅದನ್ನೇ ನೇರವಾಗಿ ಕೇಳದೆ ಬಿಟ್ಟು, ಉಳಿದ ಸಾಕ್ಷ್ಯದಿಂದಲೂ ಅದು ಸ್ಪಷ್ಟವಾಗದಿದ್ದರೆ ಪ್ರಾಸಿಕ್ಯೂಷನ್ ಕೇಸು ಸಡಿಲವಾಗುತ್ತದೆ. ಆಮೇಲೆ ಆಯುಧ ಎಲ್ಲಿಂದ ಬಂತು, ಅಲ್ಲೇ ಇತ್ತೋ ಮನೆಯಿಂದ ತಂದದ್ದೋ, ಆರೋಪಿಗೂ ಗಾಯವಾಗಿದೆಯೇ ಅನ್ನುವುದು. ಆರೋಪಿಯ ಮೈಮೇಲಿನ ಗಾಯವನ್ನು ಆಗಲೇ ವೈದ್ಯರಿಗೆ ತೋರಿಸಿ ದಾಖಲಿಸದಿದ್ದರೆ, ಹೊಡೆದಾಟ ಇಬ್ಬರ ಕಡೆಯಿಂದಲೂ ನಡೆಯಿತು ಎಂದು ಮುಂದೆ ತೋರಿಸುವುದು ಕಷ್ಟ.

ಎಫ್‌ಐಆರ್‌ನಲ್ಲಿ ಬರೆದ ಕಲಂ ಅಂತಿಮವಲ್ಲ. 103ರಡಿ ವಿಚಾರಣೆ ನಡೆಸಿದ ಸೆಷನ್ಸ್ ನ್ಯಾಯಾಲಯವೇ ಕೊನೆಗೆ 105ರಡಿ ಶಿಕ್ಷೆ ಕೊಡಬಹುದು. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾಗಿದ್ದರೆ ಹಳೆಯ ದಂಡಸಂಹಿತೆಯ 302 ಮತ್ತು 304 ಅನ್ವಯಿಸುತ್ತವೆ, ಹಾಗಾಗಿ ಮೊದಲು ಘಟನೆಯ ತಾರೀಖು ನೋಡಿಕೊಳ್ಳಿ.