ಮೆನು ಕ್ಯೂಆರ್ ಪ್ರಿಂಟಿಗೆ ಕೊಡೋ ಮುಂಚೆ ಒಳಗಡೆ ಯಾರ ಲಿಂಕ್ ಇದೆ ನೋಡಿ

ನಮ್ಮ ಗುಂಪಲ್ಲಿ ಒಬ್ಬ ಅಕ್ಕ ಕೇಳಿದ್ರು: "ರೋಡ್ ಸೈಡಲ್ಲಿ ಸಣ್ಣ ಅಂಗಡಿ ಇದೆ, ನಮ್ಮ ತೋಟದ್ದೇ ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು, ಕಬ್ಬಿನಹಾಲು. ಪೇಮೆಂಟಿಗೂ ರೇಟ್ ಲಿಸ್ಟಿಗೂ ಕ್ಯೂಆರ್ ಹಾಕ್ಬೇಕು. ಯಾವ ಆಪ್ ಒಳ್ಳೇದು? ಎರಡೂ ಒಂದ್ರಲ್ಲೇ ಬರುತ್ತಾ? ಸ್ಕ್ಯಾನ್ ಮಾಡೋಕೂ ಬೇರೆ ಆಪ್ ಬೇಕಾ?"

ಅಕ್ಕ, ಪೇಮೆಂಟಿಗೆ ಯಾವ ಜನರೇಟರ್ ಆಪೂ ಬೇಡ, ಬ್ಯಾಂಕಿನೋರೋ ಪೇಮೆಂಟ್ ಆಪಿನೋರೋ ಅಂಗಡಿ ಹೆಸರಲ್ಲಿ ಕೊಡೋ ಸ್ಟ್ಯಾಂಡೇ ಇಟ್ಕೊಳ್ಳಿ. ಮೆನುಗೂ ಆಪ್ ಇಳಿಸ್ಕೋಬೇಡಿ ಅಂತೀನಿ. ನಂದು ಸಾಗರದಲ್ಲಿ ಡಿಟಿಪಿ, ಸ್ಟಿಕ್ಕರ್ ಪ್ರಿಂಟಿಂಗ್ ಕೆಲಸ, ಕೋಡ್ ಓದ್ತಿಲ್ಲ ಅಂತ ಕಾರ್ಡ್ ಹಿಡ್ಕೊಂಡು ಬರೋರು ಬರೋದು ನನ್ನ ಹತ್ರಾನೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಇದಕ್ಕೆ ಗುಂಪಲ್ಲೇ ಒಬ್ರು "ಕ್ಯೂಆರ್‌ಗೆ ಎಕ್ಸ್‌ಪೈರಿ ಇರುತ್ತೆ, ರಿನ್ಯೂ ಮಾಡ್ತಾ ಇರ್ಬೇಕು" ಅಂದಿದಾರಲ್ಲ, ಅದು ಅರ್ಧ ಸರಿ. ಕೋಡ್ ಅಂದ್ರೆ ಒಂದಷ್ಟು ಅಕ್ಷರಗಳನ್ನ ಚೌಕಗಳಲ್ಲಿ ಬರೆದಿಡೋದು ಅಷ್ಟೇ, ಅದಕ್ಕೆ ತಾನಾಗಿ ಸಾಯೋ ಗುಣ ಇಲ್ಲ. ಆದ್ರೆ ಎಷ್ಟೋ ಜನರೇಟರ್ ಆಪ್‌ಗಳು, ಸೈಟ್‌ಗಳು ಏನ್ ಮಾಡ್ತವೆ ಅಂದ್ರೆ ನೀವು ಕೊಟ್ಟ ಲಿಂಕನ್ನ ಒಳಗೆ ಬರೆಯೋದೇ ಇಲ್ಲ, ತಮ್ಮದೇ ಒಂದು ಚಿಕ್ಕ ಲಿಂಕ್ ಬರೀತವೆ, ಗಿರಾಕಿ ಸ್ಕ್ಯಾನ್ ಮಾಡಿದಾಗ ಮೊದಲು ಅವರ ಸೈಟಿಗೆ ಹೋಗಿ ಅಲ್ಲಿಂದ ನಿಮ್ಮ ಮೆನುಗೆ ಬರಬೇಕು. ಇದನ್ನ ಡೈನಮಿಕ್ ಕೋಡ್ ಅಂತಾರೆ. ಎಷ್ಟು ಜನ ಸ್ಕ್ಯಾನ್ ಮಾಡಿದ್ರು ಅಂತ ಲೆಕ್ಕ ಸಿಗುತ್ತೆ, ಪ್ರಿಂಟ್ ಆದ ಮೇಲೂ ಕೊನೆಗೆ ತೆರೆಯೋ ಲಿಂಕ್ ಬದಲಾಯಿಸ್ಬಹುದು, ಅನುಕೂಲ ಇಲ್ಲ ಅಂತಲ್ಲ. ಆದ್ರೆ ಫ್ರೀ ಟ್ರಯಲ್ ಮುಗೀತು ಅಂದ್ರೆ ಅವರು ಆ ದಾರಿ ಮುಚ್ಚಬಹುದು. ಇಲ್ಲೊಬ್ಬರು ಹೋಮ್‌ಸ್ಟೇ ಇಟ್ಟಿರೋರಿಗೆ ಹೀಗೇ ಆಗಿದ್ದು, ಟೇಬಲ್ ಕಾರ್ಡೆಲ್ಲ ಲ್ಯಾಮಿನೇಟ್ ಮಾಡಿ ಜೋಡಿಸಿಟ್ಟಾದ ಮೇಲೆ ಸ್ಕ್ಯಾನ್ ಮಾಡಿದ್ರೆ ಮೆನು ಬದಲು "ಪ್ಲಾನ್ ತಗೊಳ್ಳಿ" ಅನ್ನೋ ಪೇಜ್ ಬರ್ತಿತ್ತು. ಕಾರ್ಡಷ್ಟೂ ಹೊಸದಾಗಿ ಮಾಡಿಸ್ಬೇಕಾಯ್ತು.

ಇದನ್ನ ಮೊದಲೇ ಕಂಡುಹಿಡಿಯೋದು ಸುಲಭ. ಫೋನ್ ಕ್ಯಾಮೆರಾ ಕೋಡಿನ ಮೇಲೆ ಹಿಡೀರಿ, ಲಿಂಕ್ ತೋರಿಸುತ್ತೆ, ಒತ್ತಬೇಡಿ, ಸುಮ್ನೆ ಓದಿ. ನೀವು ಕೊಟ್ಟ ಲಿಂಕೇ ಇದ್ರೆ ಸರಿ, ನೀವು ಯಾವತ್ತೂ ಕೇಳದ ಹೆಸರಿದ್ರೆ ಆ ಕೋಡ್ ಪ್ರಿಂಟಿಗೆ ಕೊಡಬೇಡಿ. ಪೇಮೆಂಟ್ ಕೋಡಲ್ಲಿ ಸಾಮಾನ್ಯವಾಗಿ ಈ ಥರ ಇರುತ್ತೆ:

```
upi://pay?pa=angadi@bank&pn=Angadi&cu=INR
```

pa ಅನ್ನೋದರ ಮುಂದೆ ಇರೋದೇ ದುಡ್ಡು ಹೋಗೋ ಯುಪಿಐ ಐಡಿ. ಅದು ನಿಮ್ಮದೇ ಹೌದಾ ಅಂತ ಒಂದೊಂದ್ ಅಕ್ಷರ ನೋಡ್ಕೊಳ್ಳಿ.

ಎರಡೂ ಒಂದೇ ಕೋಡಲ್ಲಿ ಹಾಕೋಕೆ ಹೋಗಬೇಡಿ. ನಮ್ಮ ಜನ ಕ್ಯೂಆರ್ ಕಂಡ ತಕ್ಷಣ ಪೇಮೆಂಟ್ ಆಪೇ ತೆಗೆಯೋದು, ಆ ಆಪ್ ಹುಡುಕೋದು upi ಅಂತ ಶುರು ಆಗೋದನ್ನ, ಮೆನು ಲಿಂಕ್ ಸಿಕ್ರೆ "ಇನ್‌ವ್ಯಾಲಿಡ್" ಅಂತ ಹೇಳ್ಬಿಡುತ್ತೆ, ಗಿರಾಕಿ ನಿಮ್ಮ ಕೋಡೇ ಹಾಳಾಗಿದೆ ಅಂದ್ಕೋತಾನೆ. ಅದಕ್ಕೆ ಎರಡನ್ನೂ ಅಕ್ಕಪಕ್ಕ ಅಂಟಿಸ್ಬೇಡಿ. ಪೇಮೆಂಟಿಂದು ಗಲ್ಲಾ ಹತ್ರ, ಮೆನುದು ಜನ ನಿಂತು ಕಬ್ಬಿನಹಾಲು ಕುಡಿಯೋ ಕಡೆ, ಮೇಲೆ ದಪ್ಪಕ್ಷರದಲ್ಲಿ "ರೇಟ್ ಲಿಸ್ಟ್: ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ" ಅಂತ ಬರೆಸಿ.

ಈಗ ಮೆನು ಮಾಡೋದು. ಅಪ್ಪೆಮಿಡಿ ಸೀಸನ್ ಮುಗಿದ್ರೆ ಐಟಂ ತೆಗೀಬೇಕು, ಬೆಲ್ಲದ ರೇಟ್ ಏರಿಳಿಯುತ್ತೆ, ಕೋಡ್ ಮಾತ್ರ ಅದೇ ಇರಬೇಕು. ಅದಕ್ಕೆ ನನಗೆ ಸರಿ ಅನ್ಸೋದು ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್. ಅಂಗಡಿ ನಂಬರಲ್ಲಿ ಹಾಕ್ಕೊಳ್ಳಿ, ಮನೆ ನಂಬರ್ ಬೇಡ, ಯಾಕಂದ್ರೆ ನಂಬರ್ ಲಿಂಕಲ್ಲೇ ಕಾಣುತ್ತೆ. ಒಂದೊಂದು ಐಟಂಗೆ ಫೋಟೋ, ರೇಟ್, ಜೋನಿಬೆಲ್ಲ ಆದ್ರೆ ಎಷ್ಟು ಕೆಜಿ ಡಬ್ಬ ಅಂತ ಹಾಕಿ. ಕ್ಯಾಟಲಾಗ್ ಲಿಂಕ್ ಹೀಗಿರುತ್ತೆ, X ಇರೋ ಕಡೆ ನಿಮ್ಮ ಹತ್ತಂಕಿ ನಂಬರ್:

```
https://wa.me/c/91XXXXXXXXXX
```

ನಾಳೆ ರೇಟ್ ಬದಲಾದ್ರೆ ಫೋನಲ್ಲೇ ತಿದ್ದಿದ್ರಾಯ್ತು, ಗೋಡೆ ಮೇಲಿನ ಕೋಡ್ ಮುಟ್ಟೋದೇ ಬೇಡ. ಈ ಲಿಂಕ್ ಗಿಡ್ಡ ಇರೋದೂ ಲಾಭವೇ. ಗೂಗಲ್ ಡಾಕ್ಸಲ್ಲಿ ಪಟ್ಟಿ ಮಾಡಿ ಶೇರ್ ಮಾಡಿದ್ರೂ ನಡೆಯುತ್ತೆ, ಆದ್ರೆ ಆ ಲಿಂಕ್ ತುಂಬ ಉದ್ದ, ಅಕ್ಷರ ಜಾಸ್ತಿ ಆದಷ್ಟೂ ಚೌಕ ಸಣ್ಣದಾಗಿ ಒತ್ತೊತ್ತಾಗಿ ಬರುತ್ತೆ, ಸಣ್ಣ ಸ್ಟಿಕ್ಕರಲ್ಲಿ ಹಳೇ ಫೋನ್‌ಗಳು ಒದ್ದಾಡ್ತವೆ. ವಾಟ್ಸಾಪ್ ಇಲ್ಲದ ಗಿರಾಕಿಗೂ ಕಾಣ್ಬೇಕು ಅಂದ್ರೆ ಮಾತ್ರ ಡಾಕ್ಸ್, ಅದರಲ್ಲಿ "ಲಿಂಕ್ ಇರೋ ಯಾರು ಬೇಕಾದ್ರೂ ನೋಡಬಹುದು" ಅನ್ನೋದು ಆನ್ ಇರ್ಬೇಕು, ಇಲ್ಲಾಂದ್ರೆ ನಿಮ್ಮ ಫೋನಲ್ಲಿ ಚೆನ್ನಾಗೇ ತೆರೆಯುತ್ತೆ, ಗಿರಾಕಿಗೆ ಮಾತ್ರ ಪರ್ಮಿಷನ್ ಕೇಳುತ್ತೆ. ಯಾವ್ದು ಮಾಡಿದ್ರೂ ಬೇರೆಯವರ ಫೋನಲ್ಲಿ ಒಂದ್ಸಲ ತೆಗೆದು ನೋಡಿ.

ಕೋಡ್ ಮಾಡೋಕೆ ಕಂಪ್ಯೂಟರಲ್ಲಿ ಕ್ರೋಮ್ ಸಾಕು. ಪೇಜ್ ತೆಗೆದು ಶೇರ್ ಮೆನುಲಿ Create QR Code ಒತ್ತಿ, ಬಾಕ್ಸಲ್ಲಿರೋ ಲಿಂಕ್ ಬೇರೆ ಆಗಿದ್ರೆ ಅಳಿಸಿ ನಿಮ್ಮದೇ ಹಾಕಿ, ಡೌನ್‌ಲೋಡ್ ಮಾಡಿ. ಮಧ್ಯ ಒಂದು ಡೈನೋಸಾರ್ ಚಿತ್ರ ಬರುತ್ತೆ, ಪರವಾಗಿಲ್ಲ. ಲೋಗೋ ಹಾಕಿದ್ರೆ ಸ್ಕ್ಯಾನೇ ಆಗಲ್ಲ ಅಂತ ಗುಂಪಲ್ಲಿ ಒಬ್ಬ ತಮ್ಮ ಬರೆದಿದಾನೆ, ಹಾಗೇನಿಲ್ಲ. ಕೋಡಲ್ಲಿ ಒಂದಷ್ಟು ಭಾಗ ಮುಚ್ಚಿದ್ರೂ ಓದೋ ಹಾಗೆ ಹೆಚ್ಚುವರಿ ಮಾಹಿತಿ ತುಂಬಿರ್ತಾರೆ, ಅತಿ ಮೇಲಿನ ಮಟ್ಟದಲ್ಲಿ ಸುಮಾರು 30% ತನಕ. ಆದ್ರೆ ಲೋಗೋನೇ ಅದನ್ನ ತಿಂದುಬಿಟ್ರೆ ಕಬ್ಬಿನಹಾಲು ಸಿಡಿದ ಕಲೆಗೆ, ಬಿಸಿಲಿಗೆ ಮಾಸಿದ ಮೂಲೆಗೆ ಏನೂ ಉಳಿಯಲ್ಲ. ನಿಮ್ಮಂಥ ಅಂಗಡಿಗೆ ಲೋಗೋ ಬೇಡ.

ಪ್ರಿಂಟಲ್ಲಿ ಬಿಳಿ ಮೇಲೆ ಕಪ್ಪೇ ಇರಲಿ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡ್ಸಿ, ಡಿಸೈನ್ ಮಾಡೋ ಹುಡುಗ್ರು ಚಂದ ಕಾಣ್ಲಿ ಅಂತ ಬಾರ್ಡರ್ ಒತ್ತಿಸ್ತಾರೆ, ಅಲ್ಲೇ ಕೆಡೋದು. ಅಳತೆಗೆ ಸ್ಕ್ಯಾನ್ ಮಾಡೋ ದೂರದ ಹತ್ತನೇ ಒಂದು ಭಾಗ ಅಂತ ಲೆಕ್ಕ ಇಟ್ಕೊಳ್ಳಿ, ಒಂದು ಮೀಟರ್ ಆಚೆ ನಿಲ್ಲೋರಿಗೆ 10 ಸೆಂ.ಮೀ. ಲ್ಯಾಮಿನೇಷನ್ ಮ್ಯಾಟ್ ಹಾಕ್ಸಿ, ಗ್ಲಾಸಿ ಆದ್ರೆ ಮಧ್ಯಾಹ್ನ ಬಿಸಿಲು ಹೊಳೆದು ಏನೂ ಕಾಣಲ್ಲ. ಗಿಡಗಳಿಗೆ ಹೆಸರಿನ ಕೋಡ್ ಕಟ್ಬೇಕು ಅಂತ ಕೇಳಿದ ನರ್ಸರಿ ಅಣ್ಣನಿಗೂ ಇದೇ, ಆದ್ರೆ ಮಾಮೂಲಿ ಇಂಕ್‌ಜೆಟ್ ಪ್ರಿಂಟ್ ಮಳೆಗೆ ನಿಲ್ಲಲ್ಲ.

ಸ್ಕ್ಯಾನರ್ ಆಪ್ ಬೇಡ, ಕ್ಯಾಮೆರಾ ಇಲ್ಲಾ ಗೂಗಲ್ ಲೆನ್ಸ್ ಸಾಕು. 2020ರ ಕೊನೇಲಿ ಒಂದು ಬಾರ್‌ಕೋಡ್ ಸ್ಕ್ಯಾನರ್ ಆಪ್, ಕೋಟಿ ಸಲ ಇನ್‌ಸ್ಟಾಲ್ ಆಗಿದ್ದು, ಒಂದೇ ಅಪ್‌ಡೇಟಲ್ಲಿ ತಾನಾಗೇ ಬ್ರೌಸರ್ ತೆಗೆದು ಜಾಹೀರಾತು ತೋರ್ಸೋಕೆ ಶುರು ಮಾಡಿತ್ತು, ಪ್ಲೇಸ್ಟೋರಿಂದ ತೆಗೆದುಹಾಕಿದ್ರು.

ಊರಾಚೆ ಗಿರಾಕಿಗೆ ಪೇಮೆಂಟ್ ಕೋಡಿನ ಫೋಟೋ ಕಳಿಸ್ತೀರಾದ್ರೆ, ಗ್ಯಾಲರಿಯಿಂದ ಹಾಕಿ ಕಟ್ಟುವಾಗ 2,000 ದಾಟಿದ್ರೆ ಎಷ್ಟೋ ಸಲ ನಿಂತುಹೋಗುತ್ತೆ, ಆಗ ಯುಪಿಐ ಐಡಿ ಟೈಪ್ ಮಾಡೋಕೆ ಹೇಳಿ. ದುಡ್ಡು ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದ್ರೂ ಅಂದ್ರೆ ಫೋನ್ ಇಟ್ಬಿಡಿ, ದುಡ್ಡು ಬರೋಕೆ ಪಿನ್ ಬೇಡ.

ಜಿಎಸ್‌ಟಿ ನೋಟಿಸ್ ಭಯಕ್ಕೆ ಕ್ಯೂಆರೇ ತೆಗೆಯೋಣ ಅಂದಿರೋ ಅಣ್ಣ, 2025ರ ಜುಲೈಯಲ್ಲಿ ಬೆಂಗಳೂರಲ್ಲಿ ಸುಮಾರು ಅಂಗಡಿಯೋರು ತೆಗೆದ್ರು ನಿಜ, ಆದ್ರೆ ಸ್ಟ್ಯಾಂಡ್ ತೆಗೆದ್ರೆ ಹಳೇ ವಹಿವಾಟು ಅಳಿಸಲ್ಲ. ತೋಟದ್ದು, ಮಾರೋದು ಯಾವ್ದು ಎಷ್ಟು ಅಂತ ಬೇರೆ ಬೇರೆ ಬರೆದಿಡೋದು ಹೇಗೆ ಅಂತ ಗೊತ್ತಿರೋ ಆಡಿಟರ್ ಯಾರಾದ್ರೂ ಗುಂಪಲ್ಲಿದ್ರೆ ಬರೀರಿ.

ಅಕ್ಕ, ಇನ್ನೊಂದು, ಬೆಳಿಗ್ಗೆ ಅಂಗಡಿ ತೆಗೆದಾಗ ಪೇಮೆಂಟ್ ಕೋಡಿನ ಮೇಲೆ ಬೆರಳು ಆಡಿಸಿ, ಒಂದ್ಸಲ ಸ್ಕ್ಯಾನ್ ಮಾಡಿ ಹೆಸರು ನೋಡಿ. ರಾತ್ರಿ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗೋರಿದಾರೆ. ರೋಡ್ ಸೈಡ್ ಅಂಗಡಿ ನಿಮ್ಮದು, ಸ್ಟ್ಯಾಂಡ್ ರಾತ್ರಿ ಒಳಗೇ ಇಡಿ, ಸೌಂಡ್ ಬಾಕ್ಸ್ ಇದ್ರೆ ಅದು ಕೂಗೋ ತನಕ ಡಬ್ಬ ಕೈಗೆ ಕೊಡಬೇಡಿ.