ಆಪ್ ಅಳಿಸಿದರೂ ಟ್ರಯಲ್ ದುಡ್ಡು ಯಾಕೆ ಕಟ್ ಆಗುತ್ತೆ?

*ವೀಡಿಯೊ ಎಡಿಟಿಂಗ್ ಆಪ್ ಒಂದರಲ್ಲಿ ₹1 ಕೊಟ್ಟು 7 ದಿನದ ಟ್ರಯಲ್ ತಗೊಂಡಿದ್ದೆ. ಇಷ್ಟ ಆಗ್ಲಿಲ್ಲ, ಎರಡೇ ದಿನಕ್ಕೆ ಅನ್‌ಇನ್‌ಸ್ಟಾಲ್ ಮಾಡಿದೆ. ಈಗ ₹499 ಕಟ್ ಆಗಿದೆ! ಆಪೇ ಇಲ್ಲದ ಮೇಲೆ ದುಡ್ಡು ಹೇಗೆ ಹೋಗುತ್ತೆ?*

ಆ ಒಂದು ರೂಪಾಯಿಗೆ ಯುಪಿಐ ಪಿನ್ ಒತ್ತಿದಿರಲ್ಲ, ₹499 ಹೋಗೋದು ಆಗಲೇ ತೀರ್ಮಾನ ಆಗಿತ್ತು. ಆ ಸ್ಕ್ರೀನಿನಲ್ಲಿ ದೊಡ್ಡದಾಗಿ ಕಾಣೋದು ₹1 ಮಾತ್ರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಕೆಲವು ಸಾಲು ಇರುತ್ತವೆ: ಗರಿಷ್ಠ ಎಷ್ಟು ಹಣ ತೆಗೆಯಬಹುದು, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಕಿನವರೆಗೆ. ಕೊನೆಯ ತಾರೀಕು ಎಷ್ಟೋ ವರ್ಷ ಆಚೆಗೆ ಇರೋದು ಮಾಮೂಲು. ಪಿನ್ ಹಾಕಿದರೆ ಇದಕ್ಕೆಲ್ಲ ಒಪ್ಪಿದಂತೆ. ಇದನ್ನೇ ಆಟೋಪೇ ಮ್ಯಾಂಡೇಟ್ ಅನ್ನೋದು. ಇದಕ್ಕೆ ಒಂದು ಪ್ರತ್ಯೇಕ ನಂಬರ್ ಬಿದ್ದು, ನಿಮ್ಮ ಬ್ಯಾಂಕಿನಲ್ಲಿ ದಾಖಲಾಗುತ್ತೆ. ಅಲ್ಲಿಗೆ ದುಡ್ಡಿನ ವಿಷಯದಲ್ಲಿ ನಿಮ್ಮ ಫೋನಿನ ಕೆಲಸ ಮುಗೀತು.

ತಾರೀಕು ಹಾಕಿ ನೋಡೋಣ. 3ನೇ ತಾರೀಕು ಟ್ರಯಲ್ ಶುರು ಮಾಡಿದಿರಿ ಅಂದುಕೊಳ್ಳಿ. 5ಕ್ಕೆ ಆಪ್ ಅಳಿಸಿದಿರಿ. ಅಳಿಸಿದಾಗ ಹೋಗೋದು ಫೋನಿನಲ್ಲಿದ್ದ ಫೈಲು ಮಾತ್ರ. ಕಂಪನಿಯ ಸರ್ವರಿನಲ್ಲಿ ನಿಮ್ಮ ಹೆಸರಿನ ಮುಂದೆ "ಟ್ರಯಲ್, 10ಕ್ಕೆ ಮುಗಿಯುತ್ತೆ" ಅಂತ ಹಾಗೇ ಇರುತ್ತೆ, ಬ್ಯಾಂಕಿನಲ್ಲಿ ಮ್ಯಾಂಡೇಟೂ ಹಾಗೇ ಇರುತ್ತೆ. 9ರ ಹೊತ್ತಿಗೆ "ನಾಳೆ ₹499 ಕಡಿತವಾಗಲಿದೆ" ಅಂತ ಒಂದು ಸೂಚನೆ ಬರಬೇಕು. ಹಣ ತೆಗೆಯೋ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಆ ಎಸ್ಸೆಮ್ಮೆಸ್ ಸಾಲದ ಜಾಹೀರಾತುಗಳ ನಡುವೆ ಕಳೆದುಹೋಗುತ್ತೆ, ಅದು ಬೇರೆ ಮಾತು. 10ಕ್ಕೆ ದುಡ್ಡು ಹೋಗುತ್ತೆ. ₹15,000ದ ಒಳಗಿನ ಇಂಥ ಕಡಿತಕ್ಕೆ ಮತ್ತೆ ಪಿನ್ ಕೇಳೋದಿಲ್ಲ.

ಅಳಿಸಿದ ಕೂಡಲೇ ತಾನಾಗಿ ರದ್ದಾಗೋ ಹಾಗೆ ಯಾಕೆ ಮಾಡಿಲ್ಲ ಅಂತ ಕೇಳಬಹುದು. ಅದಕ್ಕೆ ನ್ಯಾಯವಾದ ಕಾರಣವೇ ಇದೆ. ಚಂದಾ ಇರೋದು ನಿಮ್ಮ ಖಾತೆಗೆ, ಫೋನಿಗಲ್ಲ. ವರ್ಷದ ಚಂದಾ ಕಟ್ಟಿದವರು ಫೋನ್ ರೀಸೆಟ್ ಮಾಡಿದರೆ, ಹೊಸ ಫೋನ್ ತಗೊಂಡರೆ, ಜಾಗ ಸಾಲದೆ ಆಪ್ ತೆಗೆದು ಟಿವಿಯಲ್ಲಿ ಮಾತ್ರ ನೋಡುತ್ತಿದ್ದರೆ, ಅವರ ಚಂದಾ ಹಾರಿಹೋಗಬಾರದಲ್ಲ. ಆದರೆ ಈ ನ್ಯಾಯದ ಮರೆಯಲ್ಲೇ ಟ್ರಯಲ್ ವ್ಯಾಪಾರ ನಡೆಯೋದು ಕೂಡ ನಿಜ.

ಈಗ ಮೊದಲು ಪತ್ತೆ ಮಾಡಬೇಕಾದ್ದು, ದುಡ್ಡು ತಗೊಂಡಿದ್ದು ಯಾರು ಅಂತ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಜಿಮೇಲ್ ಎರಡನ್ನೂ ತೆರೆಯಿರಿ. `GPA.` ಅಂತ ಶುರುವಾಗೋ ಆರ್ಡರ್ ನಂಬರಿನ ರಸೀದಿ ಮೇಲ್ ಬಂದಿದ್ದರೆ ಗೂಗಲ್ ಪ್ಲೇ ಮೂಲಕ ಹೋಗಿದೆ. ಅಂಥ ಮೇಲ್ ಇಲ್ಲದೆ, ಸ್ಟೇಟ್‌ಮೆಂಟಿನಲ್ಲಿ ಆಪ್ ಕಂಪನಿಯದೋ ಅದರ ಪೇಮೆಂಟ್ ಏಜೆನ್ಸಿಯದೋ ಹೆಸರು ಇದ್ದರೆ ಅವರೇ ನೇರವಾಗಿ ಮ್ಯಾಂಡೇಟ್ ಹಾಕಿಸಿಕೊಂಡಿದ್ದಾರೆ. ಒಂದು ರೂಪಾಯಿ ಟ್ರಯಲ್‌ಗಳಲ್ಲಿ ಈ ಎರಡನೇ ದಾರಿ ಹೆಚ್ಚು. ಪ್ಲೇ ಸ್ಟೋರಿನಲ್ಲಿ ಹುಡುಕಿ "ಯಾವ ಚಂದಾನೂ ಇಲ್ವಲ್ಲ" ಅಂತ ಜನ ತಲೆ ಕೆಡಿಸಿಕೊಳ್ಳೋದು ಇದರಿಂದಲೇ.

ಗೂಗಲ್ ಪ್ಲೇ ಆಗಿದ್ದರೆ ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, Payments & subscriptions, ಅದರೊಳಗೆ Subscriptions. ಆಪ್ ಫೋನಿನಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿ ಕಾಣುತ್ತೆ. Cancel subscription ಒತ್ತಿ ಕೊನೆಯವರೆಗೂ ಹೋಗಿ, ನಡುವೆ ಕಾರಣ ಕೇಳೋ ಪುಟದಲ್ಲೇ ನಿಂತುಬಿಟ್ಟರೆ ರದ್ದಾಗಿರೋದಿಲ್ಲ. ಪಟ್ಟಿ ಖಾಲಿ ಕಂಡರೆ ಫೋನಿನಲ್ಲಿರೋ ಇನ್ನೊಂದು ಜಿಮೇಲ್ ಖಾತೆಗೆ ಬದಲಿಸಿ ನೋಡಿ. ಬ್ರೌಸರಿನಲ್ಲಾದರೆ `play.google.com/store/account/subscriptions`.

ಕಂಪನಿ ನೇರವಾಗಿ ತಗೊಂಡಿದ್ದರೆ, ಪಿನ್ ಹಾಕಿದ್ದು ಯಾವ ಯುಪಿಐ ಆಪ್‌ನಲ್ಲೋ ಅದೇ ಆಪ್ ತೆರೆಯಿರಿ. ಫೋನ್‌ಪೇ, ಗೂಗಲ್ ಪೇ ಎರಡರಲ್ಲೂ ಪ್ರೊಫೈಲ್ ಒಳಗೆ Autopay ಇರುತ್ತೆ. ಮ್ಯಾಂಡೇಟ್ ಆರಿಸಿ ರದ್ದು ಮಾಡಿ, ಪಿನ್ ಕೇಳಿದರೆ ಹಾಕಿ. ಇಲ್ಲಿ ಪಿನ್ ಹಾಕಿದರೆ ದುಡ್ಡು ಹೋಗೋದಿಲ್ಲ, ಭಯ ಬೇಡ. Pause ಅಂತಲೂ ಇರುತ್ತೆ, ಅದು ತಾತ್ಕಾಲಿಕ ತಡೆ ಅಷ್ಟೇ. ಯುಪಿಐ ಆಪನ್ನೇ ಅಳಿಸಿದರೆ ಮ್ಯಾಂಡೇಟ್ ಹೋಗುತ್ತೆ ಅಂದುಕೊಳ್ಳೋದು ಅದೇ ಹಳೇ ತಪ್ಪು ಇನ್ನೊಮ್ಮೆ ಮಾಡಿದ ಹಾಗೆ.

ಮ್ಯಾಂಡೇಟ್ ರದ್ದು, ಚಂದಾ ರದ್ದು, ಇವೆರಡು ಬೇರೆ ಬೇರೆ. ಮ್ಯಾಂಡೇಟ್ ಕಿತ್ತರೆ ಹಣ ಬರೋ ದಾರಿ ಮುಚ್ಚುತ್ತೆ, ಆದರೆ ಕಂಪನಿಯ ಲೆಕ್ಕದಲ್ಲಿ ನೀವಿನ್ನೂ ಚಂದಾದಾರರೇ. ಗೂಗಲ್ ಪ್ಲೇಯಲ್ಲಿ ಬ್ಯಾಕಪ್ ಪಾವತಿ ವಿಧಾನ ಅಂತ ಕಾರ್ಡ್ ಕೊಟ್ಟಿದ್ದರೆ, ಯುಪಿಐ ಸೋತಾಗ ಆ ಕಾರ್ಡಿಗೆ ಬೀಳಬಹುದು. ಹಾಗಾಗಿ ಮೊದಲು ಚಂದಾ, ಆಮೇಲೆ ಮ್ಯಾಂಡೇಟ್, ಎರಡನ್ನೂ ತೆಗೆಯಿರಿ. ಅಕೌಂಟ್ ಖಾಲಿ ಇಟ್ಟು ತಪ್ಪಿಸಿಕೊಳ್ಳೋ ಉಪಾಯವೂ ಕೆಲಸಕ್ಕೆ ಬಾರದು. ಒಂದು ಸಲ ವಿಫಲವಾದರೆ ಇನ್ನೂ ಮೂರು ಸಲ ಪ್ರಯತ್ನಿಸೋಕೆ ಅವಕಾಶ ಇದೆ, ಅಷ್ಟರಲ್ಲಿ ಸಂಬಳ ಬಿದ್ದರೆ ಆಯ್ತು.

ಹೋದ ₹499 ವಾಪಸ್ ಬೇಕಾದರೆ ಇವತ್ತೇ ಕೇಳಿ. ಗೂಗಲ್ ಪ್ಲೇ ಮೂಲಕ ಹೋಗಿದ್ದರೆ ಮೊದಲ 48 ಗಂಟೆಯೊಳಗೆ ಗೂಗಲ್‌ಗೇ ರೀಫಂಡ್ ಅರ್ಜಿ ಹಾಕಬಹುದು, ತಡವಾದರೆ ಆಪ್ ಕಂಪನಿಯನ್ನು ಕೇಳಿ ಅಂತ ಕಳಿಸುತ್ತಾರೆ. ನೇರ ಮ್ಯಾಂಡೇಟ್ ಆಗಿದ್ದರೆ ಕಂಪನಿಗೆ ಮೇಲ್ ಬರೆದು, ಕಡಿತದ ಯುಟಿಆರ್ ಅನ್ನೋ ವಹಿವಾಟು ನಂಬರ್, ತಾರೀಕು, ಕಡಿತದ ನಂತರ ಒಮ್ಮೆಯೂ ಬಳಸಿಲ್ಲ ಅನ್ನೋದು, ಇಷ್ಟು ಹಾಕಿ. ಬ್ಯಾಂಕಿಗೆ "ನನ್ನ ಒಪ್ಪಿಗೆ ಇಲ್ಲದೆ ಕಟ್ ಆಗಿದೆ" ಅಂತ ದೂರು ಕೊಟ್ಟರೆ ನಿಲ್ಲೋದು ಕಷ್ಟ, ಪಿನ್ ಹಾಕಿದ ದಾಖಲೆ ಅವರ ಹತ್ತಿರ ಇರುತ್ತೆ. ಆದರೆ 24 ಗಂಟೆ ಮೊದಲಿನ ಸೂಚನೆ ನಿಜವಾಗಿಯೂ ಬಂದಿಲ್ಲದಿದ್ದರೆ ಅದನ್ನೇ ಬರೆಯಿರಿ, ಅದು ಗಟ್ಟಿ ಅಂಶ.

ಕಂಪನಿ ಉತ್ತರ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ "ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್" ಅನ್ನೋ ಪದವನ್ನೇ ಬಳಸಿ. ಡಾರ್ಕ್ ಪ್ಯಾಟರ್ನ್ ಅಂದರೆ ಗ್ರಾಹಕರನ್ನು ಯಾಮಾರಿಸೋ ಹಾಗೆ ಆಪ್, ವೆಬ್‌ಸೈಟ್ ರೂಪಿಸೋದು; ಅದರ ವಿರುದ್ಧ ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿಯಲ್ಲಿ ಆ ಹೆಸರಿನ ವರ್ಗವೇ ಇದೆ. ರದ್ದು ಮಾಡೋ ದಾರಿ ಬಚ್ಚಿಡೋದು, ಉಚಿತ ಚಂದಾ ಅಂತ ಹೇಳಿ ಆಟೋ ಡೆಬಿಟ್‌ಗೆ ಬಲವಂತವಾಗಿ ಒಪ್ಪಿಗೆ ಪಡೆಯೋದು ಎರಡೂ ಅದರಡಿ ಬರುತ್ತವೆ. ಟ್ರಯಲ್ ಪುಟದ, ರದ್ದತಿ ಪುಟದ ಸ್ಕ್ರೀನ್‌ಶಾಟ್ ಬೇಕಾಗುತ್ತೆ. ಆಪ್ ಅಳಿಸಿಬಿಟ್ಟಿದ್ದೀರಲ್ಲ, ಅದಕ್ಕಾಗಿ ಇನ್ನೊಮ್ಮೆ ಹಾಕಿಕೊಂಡು ಲಾಗಿನ್ ಆಗಬೇಕಾಗಬಹುದು. ಹೊಸ ಪ್ಲಾನ್ ತೋರಿಸಿದರೆ ಏನನ್ನೂ ಒತ್ತಬೇಡಿ.

ಮುಂದಿನ ಸಲ ಗೂಗಲ್ ಪ್ಲೇ ಟ್ರಯಲ್ ಆದರೆ ಶುರು ಮಾಡಿದ ಐದು ನಿಮಿಷಕ್ಕೇ ರದ್ದು ಮಾಡಿ. ಸಾಮಾನ್ಯವಾಗಿ ಟ್ರಯಲ್ ಅವಧಿ ಮುಗಿಯೋವರೆಗೂ ಆಪ್ ನಡೆಯುತ್ತೆ. ಐಫೋನಿನಲ್ಲಿ ಹಾಗಲ್ಲ, ಕೆಲವು ಟ್ರಯಲ್‌ಗಳು ರದ್ದಾದ ಕ್ಷಣವೇ ಮುಚ್ಚಿಹೋಗಬಹುದು. ಜೊತೆಗೆ ಅವಧಿ ಮುಗಿಯೋ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಿರಬೇಕು. 7 ದಿನದ ಟ್ರಯಲ್ ಅಂದರೆ ಅಲ್ಲಿ 6 ದಿನ ಅಂತಲೇ ಲೆಕ್ಕ ಇಟ್ಟುಕೊಳ್ಳಿ.