ಭಾನುವಾರದ ಓಟ ಮತ್ತು ಮೀನಖಂಡದ ನೋವು

ವಾರವೆಲ್ಲ ಕುರ್ಚಿಯಲ್ಲೇ ಕೂತಿರುತ್ತೇನೆ. ಸ್ಟ್ರೆಚ್ ಮಾಡಿಯೇ ಓಡಿದರೂ ಮೀನಖಂಡ ಹಿಡಿದುಕೊಳ್ಳುತ್ತದೆ, ಯಾಕೆ?

ತಣ್ಣಗಿರುವ ಸ್ನಾಯುವನ್ನು ಸುಮ್ನೆ ಎಳೆದು ಹಿಡಿದರೆ ಅದು ಓಟಕ್ಕೆ ಸಿದ್ಧವಾಗುವುದಿಲ್ಲ. ಮೊದಲು ಮೈ ಬಿಸಿಯಾಗಬೇಕು. 5 ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಮರ ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ 10 ಸಲ ಬೀಸಿ. ಹಿಮ್ಮಡಿ 15 ಸಲ ಎತ್ತಿ ಇಳಿಸಿ. ಓಟ ಶುರುವಾದಾಗ ಪಕ್ಕದವರ ಜೊತೆ ಮಾತಾಡುವಷ್ಟು ನಿಧಾನವಿರಲಿ. ಹಣೆಯಲ್ಲಿ ತೆಳುವಾಗಿ ಬೆವರು ಬಂದ ಮೇಲೆ ವೇಗ ಹೆಚ್ಚಿಸಿ.

ಮುಗಿದ ಕೂಡಲೇ ನಿಂತುಬಿಡಬೇಡಿ, ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಬಹುದು. 5 ನಿಮಿಷ ನಡೆಯಿರಿ. ಸ್ಟ್ರೆಚ್‌ಗೆ ಈಗ ಸಮಯ: ಗೋಡೆಗೆ ಕೈಯೊತ್ತಿ, ಒಂದು ಕಾಲು ಹಿಂದಿಟ್ಟು ಅದರ ಹಿಮ್ಮಡಿ ನೆಲಕ್ಕಂಟಿಸಿ 30 ಸೆಕೆಂಡ್ ಹಿಡಿಯಿರಿ. ಮಾರನೇ ದಿನದ ನೋವು ಇದರಿಂದ ಅಷ್ಟೇನೂ ಕಡಿಮೆಯಾಗುವುದಿಲ್ಲ, ಬಿಗಿತ ಸಡಿಲವಾಗುತ್ತದೆ ಅಷ್ಟೇ. ಓಡುವಾಗ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ ಮಾತ್ರ ಅಂದಿನ ಓಟ ಅಲ್ಲಿಗೇ ನಿಲ್ಲಿಸಿ.